ಕಥೆಯ ನರಿಗೆ ಹೆಸರು, ಫೋಟೊದ ಅಪರಿಚಿತರಿಗೆ ‘ಗೊತ್ತಿಲ್ಲ’: ಚಿತ್ರಪುಸ್ತಕದ ಪಾತ್ರ ಗುರುತಿಸುವುದನ್ನು ಮಕ್ಕಳಿಗೆ ಕಲಿಸುವ ಸಮಗ್ರ ಮಾರ್ಗದರ್ಶಿ

ಹಾಸನದ ಸುತ್ತಮುತ್ತ ಮನೆಯಲ್ಲಿ, ಅಂಗನವಾಡಿಯಲ್ಲಿ ಮಕ್ಕಳಿಗೆ ಪುಸ್ತಕ ಓದಿ ಹೇಳುವವರು ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ ಜಾಗದಲ್ಲಿ. ಮಗು ಪುಸ್ತಕದ ಪಾತ್ರಗಳನ್ನು ಚಕಚಕನೆ ಗುರುತಿಸುತ್ತದೆ. ಆಮೇಲೆ ಪೇಪರ್‌ನಲ್ಲಿ ಬಂದ ಯಾವುದೋ ಫೋಟೊ ಮುಂದಿಟ್ಟರೆ ಅದಕ್ಕೂ ಹೆಸರು ಹೇಳಿಬಿಡುತ್ತದೆ. ಬಿಳಿ ಪಂಚೆ ಉಟ್ಟವರೆಲ್ಲ ನಮ್ಮ ತಾತ. ಖಾಕಿ ಹಾಕಿದವರೆಲ್ಲ ಪೊಲೀಸ್. ದುಂಡು ಕನ್ನಡಕದ ವಯಸ್ಸಾದವರೆಲ್ಲ ಗಾಂಧಿ ತಾತ. ಇದನ್ನು ತಿದ್ದಲು ಹೋದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಮಗು ಬೈಗುಳಕ್ಕೆ ಹೆದರಿ ಪುಸ್ತಕದ ಪಾತ್ರಕ್ಕೂ ‘ಗೊತ್ತಿಲ್ಲ’ ಅನ್ನುತ್ತದೆ.

ಕಾರಣ ಸರಳವಾಗಿದೆ. ಚಿತ್ರಪುಸ್ತಕದಲ್ಲಿ ‘ಅದೇ ಬಟ್ಟೆ ಅಂದ್ರೆ ಅದೇ ಪಾತ್ರ’ ಎಂಬ ಲೆಕ್ಕ ಸರಿಹೋಗುತ್ತದೆ. ಯಾಕೆಂದರೆ ಮಗು ಗುರುತು ಹಿಡಿಯಲಿ ಎಂದೇ ಚಿತ್ರಕಾರರು ಪ್ರತಿ ಪುಟದಲ್ಲೂ ಅದೇ ಶಾಲು, ಅದೇ ಬಣ್ಣ, ಅದೇ ಕಿವಿ ಬರೆದಿರುತ್ತಾರೆ. ಫೋಟೊದಲ್ಲಿ ಅಂಥ ಏರ್ಪಾಡು ಯಾರೂ ಮಾಡಿರುವುದಿಲ್ಲ. ಮಗು ಪುಸ್ತಕದಲ್ಲಿ ಕಲಿತ ಒಳ್ಳೆಯ ಲೆಕ್ಕವನ್ನೇ ಅದು ಸಲ್ಲದ ಕಡೆಗೆ ಒಯ್ಯುತ್ತಿದೆ, ಅಷ್ಟೇ. ಹಾಗಾಗಿ ಫೋಟೊ ಎದುರು ಬಂದಾಗ ತಿದ್ದುವುದು ತಡವಾಯಿತು. ‘ಗೊತ್ತಿಲ್ಲ’ ಎಂಬ ಉತ್ತರವನ್ನು ಪುಸ್ತಕದ ಒಳಗೇ, ಕಥೆಯ ಪ್ರಾಣಿಗಳ ಮೇಲೆಯೇ ಮೊದಲು ಕಲಿಸಬೇಕು. ಕೆಳಗಿನ ಹಂತಗಳ ಕ್ರಮ ಇರುವುದು ಇದಕ್ಕಾಗಿಯೇ. ದಯವಿಟ್ಟು ಕ್ರಮ ಬದಲಿಸಬೇಡಿ.

ಇದು 4ರಿಂದ 6 ವರ್ಷದ ಮಕ್ಕಳಿಗೆ ಹೊಂದುವ ಪಾಠ. 3 ವರ್ಷದ ಮಗುವಿಗೆ ಹಂತ 1, 2 ಮತ್ತು 4 ಸಾಕು. ಉಳಿದದ್ದು ಒಂದು ವರ್ಷ ಕಾಯಲಿ.

## ಏನೇನು ಬೇಕು

ಮುಖ್ಯ ಪುಸ್ತಕ. ಒಂದೇ ಜಾತಿಯ ಎರಡು ಪಾತ್ರಗಳು, ಎರಡಕ್ಕೂ ಬೇರೆ ಬೇರೆ ಹೆಸರು ಇರುವ ಚಿತ್ರಪುಸ್ತಕ ಆರಿಸಿ. ಈ ಒಂದು ಷರತ್ತು ಬಿಡಬೇಡಿ. ಒಂದೇ ಆನೆ ಇರುವ ಪುಸ್ತಕದಲ್ಲಿ ಆ ಆನೆಯ ಹೆಸರೂ ‘ಆನೆ’ ಎಂಬ ಮಾತೂ ಮಗುವಿಗೆ ಒಂದೇ ಆಗಿಬಿಡುತ್ತದೆ. ಪಂಚತಂತ್ರದ ಕರಟಕ ಮತ್ತು ದಮನಕ ಈ ಕೆಲಸಕ್ಕೆ ಹೇಳಿಮಾಡಿಸಿದ ಜೋಡಿ. ಇಬ್ಬರೂ ನರಿಗಳು, ಇಬ್ಬರೂ ಸಿಂಹರಾಜ ಪಿಂಗಳಕನ ಕಾಡಿನವರು. ಚಿಕ್ಕ ಮಕ್ಕಳಿಗೆ ಸಿಂಹ ಮತ್ತು ಎತ್ತು ಸಂಜೀವಕ ಗೆಳೆಯರಾಗುವವರೆಗೆ ಮಾತ್ರ ಓದಿ. ಮುಂದೆ ದಮನಕ ಅವರಿಬ್ಬರ ನಡುವೆ ಜಗಳ ಹಚ್ಚಿ ಎತ್ತು ಸಾಯುವ ಭಾಗ ಈ ವಯಸ್ಸಿಗೆ ಬೇಡ ಅನ್ನುವುದು ನನ್ನ ಅನಿಸಿಕೆ.

ಇನ್ನೊಂದು ಪುಸ್ತಕ. ಅದರಲ್ಲೂ ನರಿ ಇರಬೇಕು, ಆದರೆ ಕಥೆ ಬೇರೆಯಾಗಿರಬೇಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೇಳಿ ನೋಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಬೇಕಾದ ಪುಟಗಳನ್ನು ಪ್ರಿಂಟ್ ತೆಗೆಸಿಕೊಂಡರೂ ಆಯಿತು.

ಫೋಟೊಗಳು. ಮನೆಯವರ ಫೋಟೊ 4, ಒಬ್ಬೊಬ್ಬರದೂ ಬೇರೆ ಬೇರೆ ಬಟ್ಟೆಯಲ್ಲಿ ಎರಡೆರಡು. ಅಪರಿಚಿತರ ಫೋಟೊ 4, ಹಳೆಯ ಪೇಪರ್ ಅಥವಾ ಕ್ಯಾಲೆಂಡರ್‌ನಿಂದ ಕತ್ತರಿಸಿದ್ದು. ಅದರಲ್ಲಿ ಎರಡಕ್ಕಾದರೂ ಕೆಳಗಿನ ಬರಹ ಉಳಿದಿರಲಿ. ವೇಷ ಹಾಕಿದವರ ಫೋಟೊ 1 ಅಥವಾ 2. ಅಪರಿಚಿತರ ಫೋಟೊ ಬೇಕು ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತವರನ್ನು ಮೊಬೈಲಿನಲ್ಲಿ ತೆಗೆಯುವುದು ಸರಿಯಲ್ಲ. ಅಚ್ಚಾಗಿ ಬಂದಿರುವುದೇ ಸಾಕಷ್ಟಿದೆ. ಅಂಗನವಾಡಿಯಲ್ಲಿ ಮಾಡುವುದಾದರೆ ಮಕ್ಕಳ ಮನೆಯ ಫೋಟೊ ತರಿಸುವ ಮೊದಲು ತಂದೆತಾಯಿಯನ್ನು ಕೇಳಿ.

ಕಿಟಕಿ ಕಾರ್ಡ್. ಹಳೆಯ ಮದುವೆ ಕಾಗದದ ದಪ್ಪ ಹಾಳೆಯಲ್ಲಿ ಎರಡು ಬೆರಳು ಅಗಲದ ಚೌಕ ಕತ್ತರಿಸಿ. ಚಿತ್ರದ ಮೇಲೆ ಇಟ್ಟರೆ ಒಂದು ಭಾಗ ಮಾತ್ರ ಕಾಣಬೇಕು.

ಒಂದು ಸಲಕ್ಕೆ 10 ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಎಳೆದರೆ ಮಗು ಬೇಗ ಮುಗಿಯಲಿ ಎಂದು ಬಾಯಿಗೆ ಬಂದ ಉತ್ತರ ಕೊಡಲು ಶುರು ಮಾಡುತ್ತದೆ.

## ಹಂತ 1: ಹೆಸರು ಎಲ್ಲಿಂದ ಬಂತು ಎಂದು ತೋರಿಸಿ ಓದುವುದು

ಮೊದಲ ಎರಡು ಮೂರು ದಿನ ಏನನ್ನೂ ಕೇಳಬೇಡಿ, ಸುಮ್ನೆ ಓದಿ. ಆದರೆ ದಮನಕ ಮೊದಲು ಕಾಣಿಸಿಕೊಂಡಾಗ ಚಿತ್ರದ ಮೇಲೆ ಒಂದು ಬೆರಳು, ಅಕ್ಷರದ ಮೇಲೆ ಇನ್ನೊಂದು ಬೆರಳು ಇಟ್ಟು ಹೇಳಿ: ‘ಈ ನರಿ ಹೆಸರು ದಮನಕ ಅಂತ ಇಲ್ಲಿ ಬರೆದಿದೆ ನೋಡು.’ ಕರಟಕನಿಗೂ ಹಾಗೇ ಮಾಡಿ. ಮಗುವಿಗೆ ಓದಲು ಬರದಿದ್ದರೂ ಪರವಾಗಿಲ್ಲ. ಹೆಸರು ಮುಖದ ಮೇಲೆ ಬರೆದಿರುವುದಿಲ್ಲ, ಕಥೆ ಹೇಳಿದ್ದರಿಂದ ಗೊತ್ತಾಯಿತು ಎಂಬುದು ಅದರ ಕಣ್ಣಿಗೆ ಬೀಳಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಓದುವುದಕ್ಕೆ ಮೊದಲೇ ‘ಇದ್ಯಾರು ಹೇಳು?’ ಎಂದು ಕೇಳುವುದು. ಕಥೆ ಇನ್ನೂ ಹೆಸರು ಕೊಟ್ಟಿಲ್ಲ, ಮಗು ಎಲ್ಲಿಂದ ತರಬೇಕು? ಅದು ಊಹಿಸುತ್ತದೆ. ಊಹೆ ಸರಿಯಾದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಗೊತ್ತಿಲ್ಲದಿದ್ದರೂ ಹೆಸರು ಹೇಳಿದರೆ ಚಪ್ಪಾಳೆ ಸಿಗುತ್ತದೆ ಎಂದು ಅದು ಕಲಿಯುವುದು ಆ ಕ್ಷಣದಲ್ಲೇ.

## ಹಂತ 2: ಉಳಿಯುವ ಗುರುತು, ಬದಲಾಗುವ ಗುರುತು

ಮಗು ಕಥೆಯನ್ನು ಅರ್ಧ ಬಾಯಿಪಾಠ ಮಾಡಿಕೊಂಡ ಮೇಲೆ ಗುರುತು ಹುಡುಕುವ ಕೆಲಸ. ನಿಮ್ಮ ಪುಸ್ತಕದಲ್ಲಿ ದಮನಕನಿಗೆ ಕೆಂಪು ಶಾಲು, ಕರಟಕನಿಗೆ ಬಾಗಿದ ಎಡಗಿವಿ ಮತ್ತು ನರೆತ ಗಡ್ಡ ಇದೆ ಎಂದುಕೊಳ್ಳೋಣ. ಮೂರು ನಾಲ್ಕು ಪುಟ ತಿರುವುತ್ತಾ ಮಗುವನ್ನೇ ಕೇಳಿ: ‘ಇಲ್ಲೂ ಇದೆಯಾ? ಈ ಪುಟದಲ್ಲೂ ಇದೆಯಾ?’

ಕೆಲವು ಸಂಗತಿಗಳು ಎಲ್ಲ ಪುಟದಲ್ಲೂ ಉಳಿಯುತ್ತವೆ. ಶಾಲು, ಕಿವಿ, ಗಡ್ಡ ಅಂಥವು. ಕೆಲವು ಬದಲಾಗುತ್ತವೆ. ನರಿ ಕೂತಿದೆ, ಓಡುತ್ತಿದೆ, ನಗುತ್ತಿದೆ, ದೂರದಲ್ಲಿ ಚಿಕ್ಕದಾಗಿ ಕಾಣುತ್ತಿದೆ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ಮೊದಲ ಪುಟದಲ್ಲಿ ದಮನಕ ಬಂಡೆ ಮೇಲೆ ಕೂತಿದ್ದರೆ, ಆಮೇಲೆ ಬಂಡೆ ಮೇಲೆ ಕೂತ ಯಾವ ನರಿಯನ್ನೂ ದಮನಕ ಅನ್ನುತ್ತಾರೆ. ಆಗ ‘ಅಲ್ಲ’ ಎಂದು ನಿಲ್ಲಿಸಬೇಡಿ. ‘ಬಂಡೆ ಇದೆ, ಸರಿ. ಶಾಲು ಎಲ್ಲಿ?’ ಎಂದು ಕೇಳಿ.

ಈಗ ಕಿಟಕಿ ಕಾರ್ಡ್ ತೆಗೆಯಿರಿ. ದಮನಕನ ಶಾಲು ಮಾತ್ರ ಕಾಣುವಂತೆ ಇಟ್ಟು ಯಾರೆಂದು ಕೇಳಿ. ಆಮೇಲೆ ಕರಟಕನ ಕಿವಿ. ಉತ್ತರ ಬಂದ ಕೂಡಲೇ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿ: ‘ಹೇಗೆ ಗೊತ್ತಾಯ್ತು?’ ‘ಕೆಂಪು ಶಾಲು ಇತ್ತಲ್ಲ’ ಎಂದರೆ ಈ ಹಂತ ಮುಗಿಯಿತು. ಹೆಸರು ಮಾತ್ರ ಸರಿ ಹೇಳಿ ಕಾರಣ ಹೇಳದಿದ್ದರೆ ಮುಗಿದಿಲ್ಲ. ಪುಟದ ಕ್ರಮ ನೆನಪಿದ್ದು ಹೇಳಿರಬಹುದು. ಪುಟಗಳನ್ನು ಹಿಂದುಮುಂದು ಮಾಡಿ ಕೇಳಿದರೆ ತಿಳಿಯುತ್ತದೆ.

## ಹಂತ 3: ಗುರುತು ಕಾಣದಿದ್ದಾಗ

ಈ ಹಂತವನ್ನೇ ಜನ ಬಿಟ್ಟುಬಿಡುತ್ತಾರೆ. ಇದಕ್ಕೆ ಒಂದು ವಾರ ಕೊಟ್ಟರೂ ಕಡಿಮೆಯೇ.

ಮೊದಲು ಕಿಟಕಿ ಕಾರ್ಡನ್ನು ನರಿಯ ಬಾಲದ ಮೇಲಿಡಿ. ಇಬ್ಬರ ಬಾಲವೂ ಒಂದೇ ಥರ ಇರುವ ಚಿತ್ರ ಆರಿಸಿ. ‘ಇದು ಯಾರ ಬಾಲ?’ ಎಂದು ಕೇಳಿದರೆ ಮಗು ಖಂಡಿತ ಒಂದು ಹೆಸರು ಹೇಳುತ್ತದೆ. ಆಗ ನೀವು ಯೋಚಿಸುವುದನ್ನು ಜೋರಾಗಿ ಹೇಳಿಕೊಳ್ಳಿ: ‘ಶಾಲು ಕಾಣ್ತಿಲ್ಲ. ಕಿವೀನೂ ಕಾಣ್ತಿಲ್ಲ. ಬಾಲ ಇಬ್ಬರದೂ ಒಂದೇ ಥರ ಇದೆ. ನರಿ ಅಂತ ಗೊತ್ತು, ಯಾವ ನರಿ ಅಂತ ಗೊತ್ತಿಲ್ಲ.’ ಕೊನೆಯ ವಾಕ್ಯವೇ ಈ ಇಡೀ ಪಾಠದ ಬೆನ್ನೆಲುಬು. ಗೊತ್ತಿರುವುದನ್ನು ಮೊದಲು ಹೇಳಿ, ಗೊತ್ತಿಲ್ಲದ್ದನ್ನು ಆಮೇಲೆ ಹೇಳುವ ಈ ಕ್ರಮವನ್ನು ಮಗು ನಿಮ್ಮ ಬಾಯಿಂದ ಹಲವು ಸಲ ಕೇಳಬೇಕು. ಬರೀ ‘ಗೊತ್ತಿಲ್ಲ’ ಎಂದು ಕಲಿಸಿದರೆ ಅದು ಯೋಚಿಸದೆ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ.

ಕಾರ್ಡ್ ಪಕ್ಕಕ್ಕೆ ಸರಿಸಿ. ಶಾಲು ಕಾಣುತ್ತದೆ. ‘ಈಗ ಗೊತ್ತಾಯ್ತು!’ ಎಂದು ಇಬ್ಬರೂ ಸೇರಿ ಹೇಳಿ. ಗೊತ್ತಿಲ್ಲ ಎನ್ನುವುದು ಸೋಲಲ್ಲ, ಇನ್ನಷ್ಟು ನೋಡಬೇಕು ಎಂಬ ಸೂಚನೆ ಎಂದು ಮಗುವಿಗೆ ಇದರಿಂದ ತಾನಾಗಿಯೇ ತಿಳಿಯುತ್ತದೆ.

ಮರುದಿನ ಎರಡನೇ ಪುಸ್ತಕ ತನ್ನಿ. ಅದರ ನರಿಯನ್ನು ತೋರಿಸಿ. ಒಬ್ಬ ತಾಯಿ ಮತ್ತು ಐದು ವರ್ಷದ ಮಗಳ ನಡುವೆ ಮಾತು ಸುಮಾರು ಹೀಗೆ ನಡೆಯುತ್ತದೆ:

‘ದಮನಕ!’
‘ಹೇಗೆ ಗೊತ್ತಾಯ್ತು ಪುಟ್ಟಿ?’
‘ನರಿ ಅಲ್ವಾ ಅಮ್ಮ.’
‘ನರಿ ಹೌದು. ಕೆಂಪು ಶಾಲು ಇದೆಯಾ?’
‘ಇಲ್ಲ. ಬಿಚ್ಚಿಟ್ಟಿದಾನೆ.’
‘ಇರಬಹುದು. ಕಥೇಲಿ ಹಾಗಂತ ಬರೆದಿದೆಯಾ ನೋಡೋಣ.’

ತಾಯಿ ‘ಇರಬಹುದು’ ಎಂದು ಒಪ್ಪಿದ್ದನ್ನು ಗಮನಿಸಿ. ಮಗುವಿನ ಕಲ್ಪನೆಯನ್ನು ಹೊಡೆದುಹಾಕಿಲ್ಲ. ಉತ್ತರ ಎಲ್ಲಿ ಸಿಗುತ್ತದೋ ಅಲ್ಲಿಗೆ, ಅಂದರೆ ಬರಹಕ್ಕೆ, ಕರೆದುಕೊಂಡು ಹೋಗಿದ್ದಾಳೆ. ಓದಿದಾಗ ಆ ನರಿಗೆ ಬೇರೆ ಹೆಸರಿರುತ್ತದೆ, ಅಥವಾ ಹೆಸರೇ ಇರುವುದಿಲ್ಲ. ಹೆಸರಿಲ್ಲದಿದ್ದರೆ ಇನ್ನೂ ಒಳ್ಳೆಯದು. ‘ಈ ನರಿಗೆ ಪುಸ್ತಕದವರು ಹೆಸರು ಇಟ್ಟಿಲ್ಲ, ಬರೀ ನರಿ ಅನ್ನೋಣ’ ಎಂದು ಮುಂದೆ ಹೋಗಿ.

ಬೇರೆ ಚಿತ್ರಕಾರರು ಬರೆದ ಪಂಚತಂತ್ರ ಸಿಕ್ಕಿದರೆ ಅದನ್ನೂ ತೋರಿಸಿ. ಅಲ್ಲಿ ದಮನಕನಿಗೆ ನೀಲಿ ಪೇಟ ಇರಬಹುದು. ಶಾಲಿಲ್ಲ, ಆದರೂ ಅವನು ದಮನಕ, ಏಕೆಂದರೆ ಆ ಪುಸ್ತಕ ಹಾಗೆ ಹೇಳುತ್ತದೆ. ಕೆಲವು ಮಕ್ಕಳು ಇದನ್ನು ಒಪ್ಪದೆ ಹಟ ಮಾಡುತ್ತಾರೆ. ಒತ್ತಾಯ ಬೇಡ. ಮುಂದಿನ ವಾರ ಮತ್ತೆ ತೋರಿಸಿ.

ಮುಂದಕ್ಕೆ ಹೋಗಬಾರದ ಸೂಚನೆ: ಶಾಲು ಸ್ಪಷ್ಟವಾಗಿ ಕಾಣುವ ಚಿತ್ರಕ್ಕೂ ಮಗು ‘ಗೊತ್ತಿಲ್ಲ’ ಅನ್ನುತ್ತಿದ್ದರೆ ನೀವು ‘ಗೊತ್ತಿಲ್ಲ’ವನ್ನೇ ಜಾಸ್ತಿ ಮೆಚ್ಚಿದ್ದೀರಿ. ಎರಡು ದಿನ ಹಂತ 2ಕ್ಕೆ ವಾಪಸ್ ಹೋಗಿ. ಕಾರಣ ಹೇಳಿದ್ದನ್ನು ಮೆಚ್ಚಿ. ಉತ್ತರ ಹೆಸರಾಗಿರಲಿ, ಗೊತ್ತಿಲ್ಲ ಆಗಿರಲಿ, ಮೆಚ್ಚುಗೆ ಕಾರಣಕ್ಕೇ ಸಿಗಬೇಕು.

## ಹಂತ 4: ಮನೆಯವರ ಫೋಟೊ

ಇನ್ನು ಪುಸ್ತಕ ಮುಚ್ಚಿ. ಅಮ್ಮ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟ ಫೋಟೊ, ಅದೇ ಅಮ್ಮ ಮನೆಯಲ್ಲಿ ನೈಟಿ ಹಾಕಿಕೊಂಡಿರುವ ಫೋಟೊ ಪಕ್ಕಪಕ್ಕ ಇಡಿ. ‘ಸೀರೆ ಬೇರೆ, ಅಮ್ಮ ಒಬ್ಬಳೇ. ಮನುಷ್ಯರು ದಿನಾ ಬಟ್ಟೆ ಬದಲಾಯಿಸ್ತಾರೆ.’ ಪುಸ್ತಕದ ನರಿಯ ಶಾಲಿಗೂ ಅಮ್ಮನ ಸೀರೆಗೂ ಇರುವ ಈ ವ್ಯತ್ಯಾಸವನ್ನು ಬಾಯಿ ಬಿಟ್ಟು ಹೇಳಬೇಕು, ಮಗು ತಾನೇ ಕಂಡುಕೊಳ್ಳಲಿ ಎಂದು ಕಾಯಬಾರದು.

ಆಮೇಲೆ ‘ಹೇಗೆ ಗೊತ್ತು?’ ಎಂದು ಕೇಳಿ. ಇಲ್ಲಿ ಬರಬೇಕಾದ ಉತ್ತರ ಬೇರೆ: ‘ನಮ್ಮ ಅಮ್ಮ ಅಲ್ವಾ, ನಂಗೆ ಗೊತ್ತು.’ ಅಂದರೆ ಪರಿಚಯ. ಮೂಗು, ಕಣ್ಣು ಎಂದು ವಿವರಿಸಲು ಮಗುವನ್ನು ಒತ್ತಾಯಿಸಬೇಡಿ. ಪರಿಚಯದವರ ಮುಖವನ್ನು ನಾವು ದೊಡ್ಡವರೂ ಬಿಡಿಸಿ ಹೇಳಲಾರೆವು.

ಸಂತೆಯಲ್ಲಿ, ಹಾಸನಾಂಬೆ ದರ್ಶನದ ನೂಕುನುಗ್ಗಲಿನಲ್ಲಿ ಚಿಕ್ಕ ಮಕ್ಕಳು ಅಮ್ಮನ ಸೀರೆಯ ಬಣ್ಣವನ್ನೇ ನೋಡಿಕೊಂಡು ಇನ್ಯಾರದೋ ಸೆರಗು ಹಿಡಿದು ಹೊರಡುವುದುಂಟು. ಈ ಹಂತವನ್ನು ಚೆನ್ನಾಗಿ ಮಾಡಿಸಿದ ಮಗುವಿಗೆ ‘ಸೆರಗು ಹಿಡಿಯೋ ಮುಂಚೆ ಮುಖ ನೋಡು’ ಎಂದು ಹೇಳಿದರೆ ಅರ್ಥವಾಗುತ್ತದೆ.

ಒಂದು ಎಚ್ಚರಿಕೆ. ಬಟ್ಟೆ, ಜಡೆ ಬದಲಾದ ಕೂಡಲೇ ಹತ್ತಿರದ ಮನೆಯವರನ್ನೂ ಗುರುತಿಸಲು 4 ದಾಟಿದ ಮಗು ಪದೇ ಪದೇ ಕಷ್ಟಪಟ್ಟರೆ, ಅಥವಾ ಫೋಟೊವನ್ನು ಮೂಗಿನ ಹತ್ತಿರ ಹಿಡಿದು ನೋಡಿದರೆ, ಪಾಠ ಬಿಟ್ಟು ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಬಂದಾಗ ಇದನ್ನು ಹೇಳಿ.

## ಹಂತ 5: ಅಪರಿಚಿತರ ಫೋಟೊ

ಮೊದಲ ಫೋಟೊ ಮಗು ಊಹಿಸಲು ಆಸೆಪಡುವಂಥದ್ದೇ ಆಗಿರಲಿ. ಖಾಕಿ ಅಂಗಿ ಹಾಕಿ ಬಸ್ ಪಕ್ಕ ನಿಂತ ಒಬ್ಬರ ಫೋಟೊ ಸಿಕ್ಕಿದರೆ ಬಹಳ ಒಳ್ಳೆಯದು. ‘ಪೊಲೀಸ್ ಮಾಮ’ ಎಂದು ಮಗು ಹೇಳುತ್ತದೆ. ಖಾಕಿಯನ್ನು ಪೊಲೀಸರಷ್ಟೇ ಅಲ್ಲ, ಬಸ್ಸಿನ ಡ್ರೈವರ್, ಕಂಡಕ್ಟರ್, ಆಟೋದವರು, ಗೃಹರಕ್ಷಕ ದಳದವರೂ ಹಾಕುತ್ತಾರೆ. ಮಗು ಇವರಲ್ಲಿ ಕೆಲವರನ್ನಾದರೂ ನೋಡಿರುತ್ತದೆ. ಅದನ್ನು ನೆನಪಿಸಿ, ಆಮೇಲೆ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ.

1. ಏನು ಕಾಣುತ್ತೆ? ಖಾಕಿ ಅಂಗಿ, ಮೀಸೆ, ಕೈಯಲ್ಲಿ ಚೀಲ, ಹಿಂದೆ ಕೆಂಪು ಬಸ್.

2. ಏನು ಮಾಡ್ತಿದ್ದಾರೆ? ನಿಂತಿದ್ದಾರೆ. ಯಾರನ್ನೋ ಕರೀತಿದ್ದಾರೆ.

3. ಇವರ ಹೆಸರು ನಮಗೆ ಯಾರಾದ್ರೂ ಹೇಳಿದ್ದಾರಾ? ಇಲ್ಲ. ಹಾಗಾದರೆ: ‘ಖಾಕಿ ಅಂಗಿಯವರು ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ.’

ಹಂತ 3ರಲ್ಲಿ ನರಿಯ ಬಾಲಕ್ಕೆ ಹೇಳಿದ ಮಾತೇ ಇದು. ಮಗುವಿಗೆ ಹೊಸದೇನೂ ಅಲ್ಲ. ‘ಇದು ಯಾರು?’ ಎಂಬ ಪ್ರಶ್ನೆಯನ್ನು ಅಪರಿಚಿತರ ಫೋಟೊ ಹಿಡಿದು ಕೇಳಲೇಬೇಡಿ. ಆ ಪ್ರಶ್ನೆ ಕೇಳಿದರೆ ಹೆಸರು ಕೊಡಲೇಬೇಕು ಎಂದು ಮಗು ಅಂದುಕೊಳ್ಳುತ್ತದೆ.

ನಮ್ಮ ಕಡೆಯ ಮಾತಿನ ರೂಢಿಯಿಂದ ಇಲ್ಲಿ ಒಂದು ತೊಡಕಿದೆ. ನಾವು ಗೊತ್ತಿಲ್ಲದವರನ್ನೂ ಅಜ್ಜಿ, ಮಾವ, ಅಕ್ಕ ಅನ್ನುತ್ತೇವೆ. ಅದು ಗೌರವ, ಬಿಡಬೇಕಿಲ್ಲ. ಆದರೆ ಮಗುವಿಗೆ ‘ಅಜ್ಜಿ’ ಅಂದರೆ ತನ್ನ ಸಕಲೇಶಪುರದ ಅಜ್ಜಿಯೇ ಆಗಿರಬಹುದು. ಆದ್ದರಿಂದ ಮುಂದೆ ‘ಒಬ್ಬರು’ ಸೇರಿಸಿ. ‘ಒಬ್ಬರು ಅಜ್ಜಿ ಕಾಫಿ ಹಣ್ಣು ಕುಯ್ತಿದ್ದಾರೆ.’ ಮನೆಯ ಅಜ್ಜಿಗೆ ‘ನಮ್ಮಜ್ಜಿ’. ಕೆಲವು ದಿನ ನೀವೇ ತಪ್ಪದೆ ಹೀಗೆ ಮಾತಾಡಿದರೆ ಮಗು ಈ ಎರಡನ್ನೂ ಬೇರೆ ಮಾಡಿಕೊಳ್ಳುತ್ತದೆ.

ಮಗು ‘ನಮ್ಮಜ್ಜಿ ಥರ ಇದಾರೆ’ ಎಂದರೆ ಖುಷಿಪಡಿ. ‘ಥರ ಇದ್ದಾರೆ’ ಎನ್ನುವುದು ಪೂರ್ತಿ ಸರಿಯಾದ ಉತ್ತರ. ‘ಯಾವುದು ಅಜ್ಜಿ ಥರ?’ ಎಂದು ಮುಂದುವರಿಸಿ. ತಲೆಗೆ ಕಟ್ಟಿದ ಬಟ್ಟೆ, ಮೂಗುಬೊಟ್ಟು ಎಂದು ಅದು ತೋರಿಸುತ್ತದೆ.

ಬಟ್ಟೆ, ಗಡ್ಡ, ಮೈಬಣ್ಣ ನೋಡಿ ‘ಕಳ್ಳ’, ‘ಬಡವರು’, ‘ಕೂಲಿಯವರು’ ಎಂದು ಮಗು ಹೇಳಿದರೆ ಅದೂ ಇದೇ ತಪ್ಪಿನ ಇನ್ನೊಂದು ರೂಪ. ಹೆಸರಿನ ಬದಲು ಹಣೆಪಟ್ಟಿ ಬಂದಿದೆ. ಬೈಯದೆ ಮೊದಲ ಪ್ರಶ್ನೆಗೆ ವಾಪಸ್ ಹೋಗಿ: ‘ಏನು ಕಾಣುತ್ತೆ?’ ಕಳ್ಳತನ ಫೋಟೊದಲ್ಲಿ ಕಾಣುವುದಿಲ್ಲ. ಈ ಮಾತು ಮಗುವಿನ ಬಾಯಿಗೆ ಎಲ್ಲಿಂದ ಬಂತು ಎಂದು ಮನೆಯ ದೊಡ್ಡವರು ಆಮೇಲೆ ಯೋಚಿಸಬೇಕು.

### ಫೋಟೊದ ಕೆಳಗೆ ಬರಹ ಇದ್ದಾಗ

ಕೆಳಗೆ ಹೆಸರಿದ್ದರೆ ಓದಿ ಹೇಳಿ. ‘ಈಗ ಗೊತ್ತಾಯ್ತು, ಪೇಪರಿನವರು ಬರೆದಿದ್ದಾರೆ.’ ಶಾಲೆಯ ಗೋಡೆಯ ಮೇಲಿನ ಕುವೆಂಪು, ಅಂಬೇಡ್ಕರ್, ಗಾಂಧೀಜಿ ಫೋಟೊಗಳೂ ಈ ಲೆಕ್ಕಕ್ಕೇ ಸೇರುತ್ತವೆ. ಯಾರೋ ಹೇಳಿದ್ದರಿಂದ, ಕೆಳಗೆ ಬರೆದಿದ್ದರಿಂದ ನಮಗೆ ಗೊತ್ತು. ಕುವೆಂಪು ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ ಫೋಟೊ ಈ ಜಿಲ್ಲೆಗಳ ಮಕ್ಕಳು ಬೇಗ ಕಲಿಯುತ್ತಾರೆ. ಕಲಿತ ಮೇಲೆ ಬಿಳಿ ಕೂದಲಿನ, ಕನ್ನಡಕದ ಇನ್ನೊಬ್ಬ ಹಿರಿಯರ ಫೋಟೊಗೂ ಕುವೆಂಪು ಎಂದರೆ ಆಶ್ಚರ್ಯ ಬೇಡ. ಕೂದಲು ಮತ್ತು ಕನ್ನಡಕ ಶಾಲಿನ ಕೆಲಸ ಮಾಡಿಬಿಟ್ಟಿವೆ. ಹಂತ 4ರ ಮಾತು ಮತ್ತೆ ಹೇಳಿ.

ಇನ್ನು ಒಂದು ಬಲೆ. ಕೆಳಗಿರುವ ಹೆಸರೆಲ್ಲ ಫೋಟೊದಲ್ಲಿರುವವರದ್ದೇ ಆಗಬೇಕಿಲ್ಲ. ಪೇಪರಿನಲ್ಲಿ ಫೋಟೊ ತೆಗೆದವರ ಹೆಸರೂ ಇರುತ್ತದೆ. ಇದನ್ನು ತೋರಿಸಲು ನಮ್ಮ ಬೇಲೂರಿಗಿಂತ ಒಳ್ಳೆಯ ಜಾಗ ಇಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚನ್ನಕೇಶವ ದೇವಸ್ಥಾನದಲ್ಲಿ ಕೆಲವು ಮದನಿಕೆಯರ ಕೆಳಗೆ ಹೆಸರು ಕೆತ್ತಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂಥ ಹೆಸರುಗಳು. ಅವು ಕೆತ್ತಿದ ಶಿಲ್ಪಿಗಳ ಹೆಸರು, ಆ ಮದನಿಕೆಯರದ್ದಲ್ಲ. ಮದನಿಕೆಯ ಬಗ್ಗೆ ನಾವು ಹೇಳಬಹುದಾದದ್ದು ಕಂಡದ್ದನ್ನು: ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಕುಣಿಯುತ್ತಿದ್ದಾಳೆ. ಅದೇ ಗೋಡೆಯ ನರಸಿಂಹನನ್ನು ಮಾತ್ರ ಮಗು ಸಿಂಹದ ಮುಖ ನೋಡಿ ಹೆಸರು ಹಿಡಿದು ಹೇಳಬಹುದು, ಏಕೆಂದರೆ ಕಥೆ ಗೊತ್ತಿದೆ, ಗುರುತು ಆ ಕಥೆಯದ್ದೇ. ಬೇಲೂರಿಗೆ ಹೋದಾಗ ಈ ಎರಡು ಶಿಲ್ಪಗಳ ಮುಂದೆ ಐದೈದು ನಿಮಿಷ ನಿಂತು ‘ಹೇಗೆ ಗೊತ್ತು?’ ಎಂದು ಕೇಳಿ ನೋಡಿ.

## ಹಂತ 6: ವೇಷದ ಫೋಟೊ

ಪಾತ್ರ ಮತ್ತು ಅಪರಿಚಿತ ಮನುಷ್ಯ ಒಂದೇ ಚಿತ್ರದಲ್ಲಿ ಸಿಗುವುದು ಇಲ್ಲಿ. ಅದಕ್ಕೇ ಇದು ಕೊನೆಗೆ.

ಕೃಷ್ಣಾಷ್ಟಮಿಯ ಛದ್ಮವೇಷದ ಫೋಟೊ ಪೇಪರಿನಲ್ಲಿ ಬಂದೇ ಬರುತ್ತದೆ. ನವಿಲುಗರಿ, ಕೊಳಲು, ಬೆಣ್ಣೆ ಮಡಕೆ. ಇಲ್ಲಿ ಎರಡು ಪ್ರಶ್ನೆ ಕೇಳಬೇಕು, ಎರಡರ ನಡುವೆ ಸ್ವಲ್ಪ ನಿಲ್ಲಬೇಕು. ‘ಯಾರ ವೇಷ?’ ಕೃಷ್ಣನದು. ಹೇಗೆ ಗೊತ್ತು? ನವಿಲುಗರಿ, ಕೊಳಲು. ‘ವೇಷ ಹಾಕಿರೋ ಮಗು ಯಾರು?’ ಗೊತ್ತಿಲ್ಲ, ಯಾರೂ ಹೇಳಿಲ್ಲ. ಒಂದೇ ಫೋಟೊಗೆ ಒಂದು ‘ಗೊತ್ತು’, ಒಂದು ‘ಗೊತ್ತಿಲ್ಲ’. ಎರಡನ್ನೂ ಕಾರಣ ಸಮೇತ ಹೇಳಿದ ಮಗು ಪಾಠವನ್ನು ಹಿಡಿದಿದೆ ಎಂದು ಧೈರ್ಯವಾಗಿ ಹೇಳಬಹುದು.

ಮಗುವಿಗೆ ಇದು ಗೊಂದಲ ಅನ್ನಿಸಿದರೆ ಅದಕ್ಕೇ ಒಂದು ವೇಷ ಹಾಕಿ. ಹಳೆಯ ಟವಲ್ಲನ್ನು ಬಾಲದ ಹಾಗೆ ಕಟ್ಟಿ ಹನುಮಂತ ಮಾಡಿ, ಕನ್ನಡಿ ಮುಂದೆ ನಿಲ್ಲಿಸಿ. ‘ಯಾರ ವೇಷ? ಒಳಗಿರೋದು ಯಾರು?’ ತನ್ನ ಮೇಲೇ ಇದು ನಡೆದಾಗ ಎರಡು ಪ್ರಶ್ನೆ ಬೇರೆ ಬೇರೆ ಎಂದು ತಕ್ಷಣ ತಿಳಿಯುತ್ತದೆ.

ಕೊಪ್ಪ, ಶೃಂಗೇರಿ ಕಡೆಯವರಿಗೆ ಯಕ್ಷಗಾನ ಇದೆ. ಒಬ್ಬರೇ ಕಲಾವಿದರು ಒಂದು ರಾತ್ರಿ ಒಂದು ವೇಷ, ಇನ್ನೊಂದು ರಾತ್ರಿ ಇನ್ನೊಂದು ವೇಷ ಕಟ್ಟುತ್ತಾರೆ. ಸ್ತ್ರೀವೇಷವನ್ನು ಗಂಡಸರು ಮಾಡುವುದು ಅಲ್ಲಿನ ಪದ್ಧತಿ. ಆಟ ನೋಡಿದ ಮಗುವಿಗೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದನ್ನು ಒಮ್ಮೆ ತೋರಿಸಿಕೊಂಡು ಬನ್ನಿ, ಮೇಳದವರನ್ನು ಕೇಳಿಯೇ.

## ಕಲಿತಿದೆಯೇ ಎಂದು ನೋಡುವ ಬಗೆ

ಒಂದು ವಾರ ಬಿಟ್ಟು ಆರು ಚಿತ್ರ ಕಲಸಿ ಇಡಿ: ಶಾಲಿನ ದಮನಕ, ಬೇರೆ ಪುಸ್ತಕದ ನರಿ, ನರಿಯ ಬಾಲ ಮಾತ್ರ, ಬೇರೆ ಸೀರೆಯ ಅಮ್ಮ, ಪೇಪರಿನ ಅಪರಿಚಿತರು, ಕೃಷ್ಣವೇಷದ ಮಗು. ‘ಇದರ ಬಗ್ಗೆ ನಿಂಗೆ ಏನು ಗೊತ್ತು?’ ಎಂದಷ್ಟೇ ಕೇಳಿ. ಸರಿತಪ್ಪು ಎಂದು ಮುಖದಲ್ಲಿ ತೋರಿಸಬೇಡಿ. ಮಕ್ಕಳು ಚಿತ್ರ ನೋಡುವುದನ್ನು ಬಿಟ್ಟು ನಮ್ಮ ಹುಬ್ಬು ನೋಡಿ ಉತ್ತರ ಬದಲಾಯಿಸುತ್ತಾರೆ.

ಎಲ್ಲಿ ಎಡವುತ್ತದೆ ಎಂಬುದರ ಮೇಲೆ ಹಿಂದಿರುಗಬೇಕಾದ ಹಂತ ಗೊತ್ತಾಗುತ್ತದೆ. ಬೇರೆ ಪುಸ್ತಕದ ನರಿಗೂ ಬಾಲಕ್ಕೂ ದಮನಕ ಎಂದರೆ ಹಂತ 3 ಅವಸರದಲ್ಲಿ ಆಗಿದೆ. ಅಮ್ಮನ ಫೋಟೊಗೆ ತಡವರಿಸಿದರೆ ಹಂತ 4. ನರಿಗಳಲ್ಲಿ ಎಲ್ಲ ಸರಿಯಿದ್ದು ಅಪರಿಚಿತರಿಗೆ ಮಾತ್ರ ಹೆಸರು ಬಂದರೆ ಮನೆಯಲ್ಲಿ ಯಾರೋ ಇನ್ನೂ ಟಿವಿ, ಪೇಪರ್ ತೋರಿಸಿ ‘ಇದ್ಯಾರು ಹೇಳು’ ಆಟ ಆಡಿಸುತ್ತಿರಬಹುದು. ಮನೆಗೆ ಬಂದ ನೆಂಟರು ಮದುವೆ ಆಲ್ಬಂ ತೆರೆದು ಮಗುವನ್ನು ಹಾಗೆ ಪರೀಕ್ಷೆ ಮಾಡಿದರೆ ನೀವೇ ಪಕ್ಕದಲ್ಲಿ ಕೂತು ಪ್ರಶ್ನೆ ಬದಲಾಯಿಸಿ: ‘ದೊಡ್ಡಮ್ಮ, ಅವರ ಹೆಸರು ನೀವೇ ಹೇಳಿ, ಇವಳಿಗೆ ಇನ್ನೂ ಯಾರೂ ಹೇಳಿಲ್ಲ.’